ಶನಿವಾರ ಬ್ರಷ್ ಕಟರ್ ಡೆಮೊ: ಮಿಷನ್ ಹಿಡಿಯುವವರನ್ನೂ ಕರೆತನ್ನಿ

ಬರುವ ಶನಿವಾರ ಬೆಳಿಗ್ಗೆ 9.30ಕ್ಕೆ ಗೋಣಿಕೊಪ್ಪ–ಪೊನ್ನಂಪೇಟೆ ರಸ್ತೆ ಬದಿಯ ರೋಬಸ್ಟಾ ತೋಟದಲ್ಲಿ ನಮ್ಮ ಅಂಗಡಿಯ ಬ್ರಷ್ ಕಟರ್ ಡೆಮೊ ಇದೆ. ದುಡ್ಡು ಕೊಡಬೇಕಾಗಿಲ್ಲ, ಮಿಷನ್ ಕೊಳ್ಳಲೇಬೇಕು ಅಂತಲೂ ಇಲ್ಲ. ಬಿಸಿ ಕಾಫಿ, ಉಪ್ಪಿಟ್ಟು ಇರುತ್ತದೆ. ನಮ್ಮದು ಒಂದೇ ಕೋರಿಕೆ: ನಿಮ್ಮ ತೋಟದಲ್ಲಿ ನಿಜವಾಗಿ ಮಿಷನ್ ಹಿಡಿದು ಕಾಡು ಹೊಡೆಯುವವರನ್ನು ಜೊತೆಗೆ ಕರೆತನ್ನಿ.

ಇದನ್ನು ಯಾಕೆ ಹೇಳುತ್ತೇನೆ ಎಂದರೆ, ನಮ್ಮ ಕೌಂಟರಿಗೆ ಬರುವುದು ಮಾಲೀಕರು. ಬೆಲೆ ಕೇಳುತ್ತಾರೆ, ಸಿಸಿ ಕೇಳುತ್ತಾರೆ, ನಾವು ಹೇಳುವುದನ್ನೆಲ್ಲ ತಲೆಯಾಡಿಸಿ ಕೇಳಿ ಮಿಷನ್ ಜೀಪಿಗೆ ಹಾಕಿಕೊಂಡು ಹೋಗುತ್ತಾರೆ. ಮಾರನೇ ದಿನ ಅದನ್ನು ಹೆಗಲಿಗೆ ಹಾಕಿಕೊಳ್ಳುವುದು ಬೇರೆಯವರು. ನಾವು ಹೇಳಿದ್ದರಲ್ಲಿ ಅರ್ಧ ಜೀಪಿನಲ್ಲೇ ಉಳಿದಿರುತ್ತದೆ. ಮೂರು ವಾರ ಕಳೆದ ಮೇಲೆ ಮಿಷನ್ ವಾಪಸ್ ಬರುತ್ತದೆ. ಆಗ ಅದನ್ನು ಬಿಚ್ಚಿ ನೋಡಿದರೆ ಹತ್ತರಲ್ಲಿ ಎಂಟು ಸಲ ಮಿಷನ್ನಿನ ತಪ್ಪು ಇರುವುದಿಲ್ಲ. ಡೆಮೊದಲ್ಲಿ ಹೇಳುವುದನ್ನೇ ಇಲ್ಲಿ ಮೊದಲೇ ಬರೆಯುತ್ತಿದ್ದೇನೆ. ಶನಿವಾರ ಬರಲು ಆಗದವರು ಇದನ್ನೇ ನಿಮ್ಮ ರೈಟರಿಗೋ ಮೇಸ್ತ್ರಿಗೋ ಓದಿ ಹೇಳಿ.

ಈ ತಿಂಗಳನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಕೈಲ್ ಮುಹೂರ್ತ ಮುಗಿದಿದೆ, ಮಳೆ ಇಳಿಮುಖ ಆಗಿದೆ, ತೋಟದಲ್ಲಿ ಮೊಣಕಾಲೆತ್ತರ ಕಾಡು ಬೆಳೆದಿದೆ. ಈ ಸಲ ಒಬ್ಬರ ಮನೆಯಲ್ಲಿ ಕೋವಿ, ಒಡಿಕತ್ತಿ ಪಕ್ಕದಲ್ಲೇ ಬ್ರಷ್ ಕಟರಿಗೂ ಗಂಧದ ಬೊಟ್ಟು ಇಟ್ಟಿದ್ದನ್ನು ನೋಡಿದೆ. ಸರಿಯಾಗೇ ಇದೆ. ಅದೂ ಆಯುಧವೇ. ಕೋವಿಗೆ ತೋರುವ ಎಚ್ಚರದಲ್ಲಿ ಅರ್ಧ ಇದಕ್ಕೆ ತೋರಿಸಿದರೂ ಸಾಕು.

ಪೆಟ್ರೋಲಿನಿಂದಲೇ ಶುರು ಮಾಡೋಣ

ಡೆಮೊ ಮೇಜಿನ ಮೇಲೆ ಎರಡು ಪಿಸ್ಟನ್ ಇಟ್ಟಿರುತ್ತೇನೆ. ಒಂದು ಚೆನ್ನಾಗಿರುವುದು, ಕನ್ನಡಿಯ ಹಾಗೆ ನುಣ್ಣಗಿದೆ. ಇನ್ನೊಂದರ ಒಂದು ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಗೀರುಗಳು ಎದ್ದಿವೆ, ಉಗುರು ಎಳೆದರೆ ತಡೆಯುತ್ತದೆ. ಎರಡನೆಯದು ಸಿದ್ದಾಪುರ ಕಡೆಯ ಒಂದು ತೋಟದ್ದು. ಮಾಲೀಕರು ಆಯಿಲ್ ಸರಿಯಾಗೇ ಕಲಸಿ ಕ್ಯಾನ್ ಇಟ್ಟು ಹೋಗಿದ್ದರು. ಮಧ್ಯಾಹ್ನ ಕ್ಯಾನ್ ಖಾಲಿ ಆಯಿತು. ಒಬ್ಬ ಹುಡುಗ ಬಂಕಿಗೆ ಹೋಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲ್ ತಂದು ಹಾಗೇ ಸುರಿದ. ಮಿಷನ್ ಚೆನ್ನಾಗಿಯೇ ಓಡಿತಂತೆ. ಅರ್ಧ ಗಂಟೆ ಕಳೆಯುವುದರೊಳಗೆ ಸದ್ದು ಕೀರಲಾಯಿತು, ಎಳೆತ ಕಡಿಮೆ ಆಯಿತು, ಆಮೇಲೆ ನಿಂತೇ ಹೋಯಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಬೇರೆ ಎಣ್ಣೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನ ಜೊತೆ ಬರುವ 2ಟಿ ಆಯಿಲೇ ಪಿಸ್ಟನ್ನಿಗೆ ಜಾರಿಕೆ ಕೊಡಬೇಕು. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಅದೇ ಮೋಸ.

ಅಳತೆ ಹೀಗೆ. ಕಂಪನಿಯವರು 50:1 ಅಂತ ಹೇಳಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 5 ಲೀಟರಿಗೆ 100 ಮಿಲಿ. ಕೆಲವು ಮಿಷನ್ನಿಗೆ 25:1 ಬೇಕು. ಆಗ ಲೀಟರಿಗೆ 40 ಮಿಲಿ. ನಿಮ್ಮದು ಯಾವುದು ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಪಕ್ಕದ ತೋಟದವರು ಹೇಳಿದ ಲೆಕ್ಕ ನಿಮಗೆ ಆಗದೇ ಇರಬಹುದು. ಬಾಟಲಿ ಮುಚ್ಚಳದಲ್ಲಿ ಅಳೆಯಬೇಡಿ, ಒಂದೊಂದು ಮುಚ್ಚಳ ಒಂದೊಂದು ಗಾತ್ರ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ಮಿಲಿ ಸಿರಿಂಜ್ ತೆಗೆದುಕೊಳ್ಳಿ, ಸೂಜಿ ಬೇಡ. 50:1 ಆದರೆ ಲೀಟರಿಗೆ ಒಂದು ಸಿರಿಂಜ್, 25:1 ಆದರೆ ಎರಡು. ಯಾರಿಗೂ ತಪ್ಪುವುದಿಲ್ಲ.

ಕಲಸುವುದು ಕ್ಯಾನಿನಲ್ಲಿ, ಮಿಷನ್ ಟ್ಯಾಂಕಿನಲ್ಲಿ ಅಲ್ಲ. ಮೊದಲು ಅರ್ಧ ಪೆಟ್ರೋಲ್, ಅದಕ್ಕೆ ಪೂರ್ತಿ ಆಯಿಲ್, ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಉಳಿದ ಪೆಟ್ರೋಲ್. ಪ್ರತಿ ಸಲ ಟ್ಯಾಂಕಿಗೆ ಸುರಿಯುವ ಮೊದಲು ಇನ್ನೊಮ್ಮೆ ಅಲ್ಲಾಡಿಸಿ. ಕಲಸಿದ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿಬಿಡಿ. ಕೆಂಪು ಬಟ್ಟೆ ಇಲ್ಲದ ಕ್ಯಾನಿನಿಂದ ಟೂ ಸ್ಟ್ರೋಕ್ ಮಿಷನ್ನಿಗೆ ಹಾಕುವ ಹಾಗಿಲ್ಲ ಅಂತ ಎಲ್ಲರಿಗೂ ಹೇಳಿಡಿ. ಓದು ಬರಹ ಬರದವರಿಗೂ, ಕನ್ನಡ ಬರದ ಅಸ್ಸಾಂ ಹುಡುಗರಿಗೂ ಇದು ಅರ್ಥ ಆಗುತ್ತದೆ.

ನಮ್ಮ ಕೊಡಗಿನ ತೇವಕ್ಕೆ ಇನ್ನೊಂದು ತೊಂದರೆ ಇದೆ. ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುತ್ತದೆ, ಶೇ 20ರವರೆಗೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಇರುವ ಕ್ಯಾನ್ ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂತರೆ, ನೀರು ಜಾಸ್ತಿ ಆಗಿ ಎಥನಾಲಿನ ಸಮೇತ ತಳಕ್ಕೆ ಇಳಿಯುತ್ತದೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮಿಷನ್ ಎಳೆಯುವುದು ಟ್ಯಾಂಕಿನ ತಳದಿಂದ. ಅಂದರೆ ನೀವು ಆಯಿಲ್ ಸರಿಯಾಗಿ ಕಲಸಿದ್ದರೂ ಎಂಜಿನ್ನಿಗೆ ಆಯಿಲ್ ಸಿಗದೆ ಹೋಗಬಹುದು. ಅನುಮಾನ ಬಂದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಾಣಿಸಿದರೆ ಆ ಕ್ಯಾನನ್ನು ಮಿಷನ್ನಿಗೆ ಮುಟ್ಟಿಸಬೇಡಿ. ಒಂದು ತಿಂಗಳಿಗೆ ಬೇಕಾದಷ್ಟೇ ಕಲಸಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಣಗಿದ ಜಾಗದಲ್ಲಿ ಇಡಿ.

ಎಂಜಿನ್ ಆಯಿಲಿಗೆ ಬೇರೆ ಜಾಗ ಇರುವ ಫೋರ್ ಸ್ಟ್ರೋಕ್ ಮಿಷನ್‌ನವರಿಗೆ ಇದರ ಉಲ್ಟಾ. ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಡಿ. ಎಂಜಿನ್ ಆಯಿಲ್ ಬೇರೆ ಕಡೆ ಹಾಕಬೇಕು, ದಿನಾ ಬೆಳಿಗ್ಗೆ ಮಿಷನ್ನನ್ನು ಸಮತಟ್ಟಾಗಿಟ್ಟು ಅದರ ಮಟ್ಟ ನೋಡಬೇಕು. ಎರಡೂ ತರದ ಮಿಷನ್ ಇರುವ ತೋಟಗಳಲ್ಲೇ ಎಡವಟ್ಟು ಜಾಸ್ತಿ, ಅಲ್ಲಿ ಕೆಂಪು ಬಟ್ಟೆ ಇನ್ನೂ ಮುಖ್ಯ.

ಹೆಗಲಿಗೆ ಹಾಕಿಕೊಳ್ಳುವ ಮೊದಲು

ಬಟ್ಟೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಂಟ್, ಗಮ್‌ಬೂಟ್, ಕೈಗ್ಲೌಸ್, ಕಣ್ಣಿಗೆ ಕನ್ನಡಕ, ಅದರ ಮೇಲೆ ಮುಖಕ್ಕೆ ಜಾಲರಿ. ಬರೀ ಜಾಲರಿ ಸಾಲದು, ಸಣ್ಣ ಚೂರು ಅದರ ಕಣ್ಣಿನೊಳಗಿಂದ ನುಗ್ಗುತ್ತದೆ. ಲುಂಗಿ ಬೇಡ, ಕುತ್ತಿಗೆಗೆ ಸುತ್ತಿದ ಟವೆಲ್ ಬೇಡ. ಕಿವಿಗೆ ಮಫ್ ಬೇಕು. ಆದರೆ ಮಫ್ ಹಾಕಿದವರಿಗೆ ಹಿಂದಿನಿಂದ ಕೂಗಿದ್ದು ಕೇಳಿಸುವುದಿಲ್ಲ. ಆನೆ ಓಡಾಡುವ ಕಡೆ ಬೆಳಿಗ್ಗೆ ವಿಚಾರಿಸಿಕೊಂಡೇ ಶುರು ಮಾಡಿ, ಮಿಷನ್ ಸದ್ದಿಗೆ ಆನೆ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ. ದೂರದಲ್ಲಿ ಒಬ್ಬರು ಮಿಷನ್ ಇಲ್ಲದವರು ಕಾಣುವ ಹಾಗೆ ಇದ್ದರೆ ಒಳ್ಳೆಯದು.

ಬೆಲ್ಟ್ ಸರಿಮಾಡುವುದಕ್ಕೆ ಮಾತ್ರ ಎರಡು ನಿಮಿಷ ಕೊಡಿ. ಕೊಕ್ಕೆ ಬಲ ಸೊಂಟದ ಮೂಳೆಗಿಂತ ಒಂದು ಅಂಗೈ ಅಗಲ ಕೆಳಗಿರಬೇಕು. ಮಿಷನ್ ತೂಗುಹಾಕಿ ಎರಡೂ ಕೈ ಬಿಡಿ. ನೈಲಾನ್ ದಾರದ ತಲೆ ಆದರೆ ನೆಲಕ್ಕೆ ಹಗುರವಾಗಿ ತಾಗಬೇಕು. ಕಬ್ಬಿಣದ ಬ್ಲೇಡ್ ಆದರೆ ನೆಲದಿಂದ ಒಂದು ಗೇಣಿನಷ್ಟು ಮೇಲೆ ತೂಗಬೇಕು. ಹಾಗೆ ನಿಲ್ಲದಿದ್ದರೆ ಕೊಕ್ಕೆಯ ಜಾಗ ಬದಲಿಸಿ. ಇಡೀ ದಿನ ತೋಳಿನ ಶಕ್ತಿಯಲ್ಲಿ ಬ್ಲೇಡ್ ಎತ್ತಿ ಹಿಡಿದವರೇ ಸಂಜೆ ಸೊಂಟ ಹಿಡಿದುಕೊಂಡು ಬರುವುದು, ಮತ್ತೆ ಆ ಮಿಷನ್ನೇ ಬೇಡ ಅನ್ನುವುದು. ಮಾಲೀಕರ ಎತ್ತರಕ್ಕೆ ಹೊಂದಿಸಿದ ಬೆಲ್ಟು ಕೆಲಸದವರಿಗೆ ಸರಿಹೋಗುವುದಿಲ್ಲ. ಅದಕ್ಕೇ ಅವರನ್ನು ಕರೆತನ್ನಿ ಅಂದದ್ದು.

ಸ್ಟಾರ್ಟ್ ಮಾಡುವಾಗ ಬ್ಲೇಡ್ ಹುಲ್ಲಿಗೂ ಕಲ್ಲಿಗೂ ತಾಗದ ಹಾಗೆ ಮಿಷನ್ನನ್ನು ನೆಲದ ಮೇಲಿಡಿ. ತಣ್ಣಗಿದ್ದರೆ ಪ್ರೈಮರ್ ಗುಳ್ಳೆಯನ್ನು ಐದಾರು ಸಲ ಒತ್ತಿ, ಚೋಕ್ ಹಾಕಿ, ಹಗ್ಗ ಎಳೆಯಿರಿ. ಒಂದು ಸಲ 'ಫುಟ್' ಅಂದ ತಕ್ಷಣ ಚೋಕ್ ತೆಗೆದು ಮತ್ತೆ ಎಳೆಯಿರಿ. ಚೋಕ್ ತೆಗೆಯದೆ ಎಳೀತಾ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿ ಒರೆಸುವ ಕೆಲಸ.

ಓಡತೊಡಗಿದ ಮೇಲೆ ಒಂದು ಪರೀಕ್ಷೆ ಮಾಡಿ, ಇದನ್ನು ಎಂದೂ ಬಿಡಬೇಡಿ. ಎಕ್ಸಿಲೇಟರ್ ಪೂರ್ತಿ ಬಿಡಿ. ಎಂಜಿನ್ ಓಡುತ್ತಿರಬೇಕು, ಬ್ಲೇಡ್ ನಿಂತಿರಬೇಕು. ಕೈ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇದ್ದರೆ ಐಡಲ್ ಸ್ಕ್ರೂ ಜಾಸ್ತಿ ಆಗಿದೆ, ಇಲ್ಲವೇ ಕ್ಲಚ್ ಸ್ಪ್ರಿಂಗ್ ಹೋಗಿದೆ. ಆ ಮಿಷನ್ನನ್ನು ಅವತ್ತು ತೋಟಕ್ಕೆ ಇಳಿಸಬಾರದು. ಕಾಲು ಜಾರಿದಾಗ ನಿಮ್ಮನ್ನು ಉಳಿಸುವುದು ಈ ಒಂದು ಗುಣ.

ಯಾವ ತಲೆ, ಎಲ್ಲಿ

ನೈಲಾನ್ ದಾರ ಎಳೆ ಹುಲ್ಲಿಗೆ, ಕಣದ ಅಂಚಿಗೆ, ದಾರಿ ಬದಿಗೆ. ಮೂರು ಹಲ್ಲಿನ ಬ್ಲೇಡ್ ದಪ್ಪ ಕಾಂಡದ ಕಾಡಿಗೆ, ಎಳೆ ಲಂಟಾನಕ್ಕೆ. ಹಲ್ಲು ಜಾಸ್ತಿ ಇರುವ ದುಂಡು ಬ್ಲೇಡ್ ಹೆಬ್ಬೆರಳು ಗಾತ್ರದ ಕಟ್ಟಿಗೆಗೆ. ಒಂದೇ ಬ್ಲೇಡಿನಲ್ಲಿ ಎಲ್ಲ ಮಾಡಿಸಲು ಹೋದರೆ ಎಲ್ಲವೂ ಅರೆಬರೆ.

ಬ್ಲೇಡ್ ಬದಲಿಸುವಾಗ ಎಂಜಿನ್ ಆಫ್ ಮಾಡಿ ಪ್ಲಗ್ಗಿನ ಕ್ಯಾಪ್ ಎಳೆದಿಡಿ. ಬ್ಲೇಡಿನ ನಟ್ ಹೆಚ್ಚಿನ ಮಿಷನ್‌ಗಳಲ್ಲಿ ಎಡ ಮರೆ. ಅಂದರೆ ಬೇರೆ ನಟ್ ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಇದು ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಬಡಿದು ಶಾಫ್ಟ್ ಬೆಂಡ್ ಮಾಡಿಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಬ್ಲೇಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ. ವೆಲ್ಡಿಂಗ್ ಮಾಡಿಸಬೇಡಿ.

ಸಂತೆಯಲ್ಲಿ, ಆನ್‌ಲೈನಿನಲ್ಲಿ ಚೈನ್ ತುಂಡು ಜೋಡಿಸಿದ ತಲೆ ಸಿಗುತ್ತದೆ. 'ಕಲ್ಲಿಗೆ ತಾಗಿದರೂ ಏನೂ ಆಗಲ್ಲ' ಅಂತ ಮಾರುತ್ತಾರೆ. ಅದರ ಒಂದು ಕೊಂಡಿ ಕಳಚಿದರೆ ಗುಂಡಿನ ಹಾಗೆ ಹಾರುತ್ತದೆ. ಯುರೋಪ್ ಒಕ್ಕೂಟದಲ್ಲಿ ಇಂಥ ಚೈನ್ ತಲೆಗಳ ಮಾರಾಟವನ್ನು 2012ರಲ್ಲೇ ನಿಷೇಧಿಸಿದ್ದಾರೆ. ನಾವು ಮಾರುವುದಿಲ್ಲ. ಅದನ್ನು ಹಾಕಿರುವ ಮಿಷನ್ನನ್ನು ಸರ್ವೀಸಿಗೆ ತಂದರೆ ಮೊದಲು ಅದನ್ನು ಬಿಚ್ಚುತ್ತೇವೆ.

ಇನ್ನು ಗಾರ್ಡ್. "ಅಣ್ಣಾ, ಈ ಗಾರ್ಡ್ ಬಿಚ್ಚಿಕೊಡಿ, ಹುಲ್ಲು ಸಿಕ್ಕಿಕೊಳ್ಳುತ್ತೆ" ಅಂತ ಕೇಳದವರೇ ಕಡಿಮೆ. ಹುಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಗಾರ್ಡಿನಿಂದ ಅಲ್ಲ, ಅರ್ಧ ಎಕ್ಸಿಲೇಟರಿನಲ್ಲಿ ಹೊಡೆಯುವುದರಿಂದ. ಪೆಟ್ರೋಲ್ ಉಳಿಯುತ್ತದೆ ಅಂದುಕೊಂಡು ಹಾಗೆ ಮಾಡುತ್ತಾರೆ. ಉಳಿಯುವುದು ಅಷ್ಟಕ್ಕಷ್ಟೇ. ವೇಗ ಕಡಿಮೆ ಆದಾಗ ಬ್ಲೇಡ್ ಕತ್ತರಿಸುವ ಬದಲು ಹುಲ್ಲನ್ನು ಸುತ್ತಿಕೊಳ್ಳುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಹುಲ್ಲಿಗೆ ತಾಗಿಸುವ ಮೊದಲೇ ಎಕ್ಸಿಲೇಟರ್ ಪೂರ್ತಿ ಕೊಡಿ, ಬೀಸು ಮುಗಿದ ಮೇಲೆ ಬಿಡಿ. ಗಾರ್ಡ್ ಇದ್ದ ಜಾಗದಲ್ಲೇ ಇರಲಿ.

ಬ್ಲೇಡನ್ನು ಗಡಿಯಾರ ಅಂದುಕೊಳ್ಳಿ

ಡೆಮೊದಲ್ಲಿ ನಾವು ಜಾಸ್ತಿ ಹೊತ್ತು ಕಳೆಯುವುದು ಇಲ್ಲಿ. ಮಿಷನ್ ಹಿಡಿದು ಕೆಳಗೆ ನೋಡಿ. ಬ್ಲೇಡ್ ನಿಮ್ಮ ಮುಂದೆ ಮಲಗಿಸಿದ ಗಡಿಯಾರ ಅಂದುಕೊಳ್ಳಿ. ನಿಮ್ಮಿಂದ ದೂರದ ತುದಿ 12, ಬಲಗಡೆ 3, ಎಡಗಡೆ 9. ಸಾಮಾನ್ಯವಾಗಿ ಬ್ಲೇಡ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಗೇರ್ ಬಾಕ್ಸಿನ ಮೇಲೋ ಗಾರ್ಡಿನ ಮೇಲೋ ಬಾಣದ ಗುರುತು ಇರುತ್ತದೆ, ನೋಡಿ ಖಚಿತ ಮಾಡಿಕೊಳ್ಳಿ.

ಕತ್ತರಿಸಬೇಕಾದ್ದು 8ರಿಂದ 11ರವರೆಗಿನ ಎಡ ಭಾಗದಲ್ಲಿ. ಬಲದಿಂದ ಎಡಕ್ಕೆ ಬೀಸಿ, ಮಿಷನ್ನನ್ನು ಬಲಕ್ಕೆ ವಾಪಸ್ ತನ್ನಿ, ಒಂದು ಸಣ್ಣ ಹೆಜ್ಜೆ ಮುಂದಿಡಿ, ಮತ್ತೆ ಬೀಸಿ. ಕತ್ತರಿಸಿದ ಹುಲ್ಲು ನಿಮ್ಮ ಎಡಗಡೆ ಸಾಲಾಗಿ ಬೀಳುತ್ತದೆ.

ಅಪಾಯ ಇರುವುದು 12ರಿಂದ 3ರವರೆಗೆ. ಆ ಭಾಗ ಕಲ್ಲಿಗೋ ಹಳೇ ಕಾಫಿ ಬುಡಕ್ಕೋ ಬೇಲಿ ಕಂಬಕ್ಕೋ ತಾಗಿದರೆ ಬ್ಲೇಡ್ ಕತ್ತರಿಸುವುದಿಲ್ಲ, ಮಿಷನ್ನನ್ನೇ ಬಲಕ್ಕೆ ಅಥವಾ ನಿಮ್ಮ ಕಡೆಗೆ ಒದೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ. ಒದ್ದಾಗ ಬಲಗಡೆ ಇನ್ನೊಬ್ಬರು ನಿಂತಿದ್ದರೆ ಅವರ ಕಾಲಿಗೇ ಹೋಗುತ್ತದೆ. ನೈಲಾನ್ ದಾರ ಹೀಗೆ ಒದೆಯುವುದಿಲ್ಲ, ಆದರೆ ಕಲ್ಲನ್ನು ಎರಡೂ ಹಾರಿಸುತ್ತವೆ.

ಕಲ್ಲಿನ ವಿಷಯದಲ್ಲಿ ನನ್ನದೇ ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ತೋಟದಲ್ಲಿ ಲೈನ್ ಮನೆ ಹತ್ತಿರ ಮಿಷನ್ ತೋರಿಸುತ್ತಿದ್ದೆ. ನೋಡುತ್ತಿದ್ದವರನ್ನೆಲ್ಲ ದೂರ ನಿಲ್ಲಿಸಿದ್ದೆ. ನಮ್ಮ ಜೀಪನ್ನು ಮರೆತಿದ್ದೆ. ಅದು ನಲವತ್ತು ಅಡಿ ದೂರದಲ್ಲಿ ಇತ್ತು. ಗೋಲಿ ಗಾತ್ರದ ಕಲ್ಲು ಒಂದು ಹಾರಿ ಹಿಂದಿನ ಗಾಜು ಪುಡಿ ಆಯಿತು. ಆ ಗಾಜಿನ ಎತ್ತರ ಒಂದು ಮಗುವಿನ ಮುಖದ ಎತ್ತರ. ಅವತ್ತಿನಿಂದ 15 ಮೀಟರ್, ಅಂದರೆ ಐವತ್ತು ಅಡಿ, ಹಗ್ಗ ಹಿಡಿದು ಅಳೆದೇ ಶುರು ಮಾಡುತ್ತೇನೆ. 10 ಅಡಿ ಅಂತರದ ರೋಬಸ್ಟಾದಲ್ಲಿ ಇದು ಸುಲಭ: ನಡುವೆ ಐದು ಗಿಡ. ಯಾರಾದರೂ ಐದು ಗಿಡದೊಳಗೆ ಬಂದರೆ ಮಿಷನ್ ಆಫ್. ಎರಡು ಮಿಷನ್ ಓಡುತ್ತಿದ್ದರೆ ಅವುಗಳ ನಡುವೆಯೂ ಅಷ್ಟೇ ದೂರ.

ಶುರು ಮಾಡುವ ಮೊದಲು ಒಂದು ಕೋಲು ಹಿಡಿದು ಆ ಜಾಗದಲ್ಲಿ ಒಮ್ಮೆ ನಡೆದುಬನ್ನಿ. ಸ್ಪ್ರಿಂಕ್ಲರ್ ಪೈಪು, ಹಳೇ ಮುಳ್ಳುತಂತಿ, ಬಾಟಲಿ, ಕಣಜದ ಗೂಡು, ಹಾವು. ತಂತಿ ಕಂಡರೆ ತೆಗೆದುಹಾಕಿ. ಬ್ಲೇಡಿಗೆ ಸುತ್ತಿದ ತಂತಿಯ ತುದಿ ಚಾಟಿಯ ಹಾಗೆ ಬೀಸುತ್ತದೆ. ಪೈಪಿನ ಪಕ್ಕ ಕೋಲು ನೆಟ್ಟು ಗುರುತು ಮಾಡಿ.

ಇಳಿಜಾರಿನಲ್ಲಿ ಅಡ್ಡಕ್ಕೆ ನಡೆಯಿರಿ, ಮೇಲಕ್ಕೂ ಕೆಳಕ್ಕೂ ಅಲ್ಲ. ಹಿಂದಕ್ಕೆ ನಡೆಯುತ್ತಾ ಬೀಸಬೇಡಿ. ಮಳೆ ಬಿದ್ದು ನೆಲ ಜಾರುತ್ತಿದ್ದರೆ ಅವತ್ತು ಇಳಿಜಾರು ಬಿಟ್ಟು ಸಮತಟ್ಟು ಜಾಗ ಮಾಡಿ.

ಕಾಫಿ ಬುಡ, ಮೆಣಸಿನ ಬಳ್ಳಿ

ಇದು ಸುರಕ್ಷತೆ ಅಲ್ಲ, ಜೇಬಿನ ವಿಷಯ. ಗುದ್ದಲಿಯಲ್ಲಿ ಕೆರೆದು ಕಳೆ ತೆಗೆಯುವುದಕ್ಕಿಂತ ಮಿಷನ್ನಿನಲ್ಲಿ ಕತ್ತರಿಸುವುದು ಕಾಫಿಗೆ ಒಳ್ಳೆಯದು. ಗಿಡದ ಆಹಾರ ಹೀರುವ ಬೇರೆಲ್ಲ ಮೇಲಿನ ಒಂದಡಿ ಮಣ್ಣಿನಲ್ಲೇ ಜಾಸ್ತಿ ಇರುತ್ತದೆ, ಅದಕ್ಕೆ ಪೆಟ್ಟಾಗುವುದಿಲ್ಲ. ಇಳಿಜಾರಿನ ಮಣ್ಣೂ ಕೊಚ್ಚಿಹೋಗುವುದಿಲ್ಲ. ಅದಕ್ಕೆ ನೆಲಕ್ಕೆ ಹತ್ತಿಸಿ ಬೋಳು ಮಾಡಬೇಡಿ, ಎರಡು ಮೂರು ಇಂಚು ಬಿಟ್ಟು ಹೊಡೆಯಿರಿ. ಬ್ಲೇಡ್ ಮೊಂಡಾಗುವುದೂ ಕಡಿಮೆ, ಕಲ್ಲು ಹಾರುವುದೂ ಕಡಿಮೆ.

ಆದರೆ ಗಿಡದ ಬುಡಕ್ಕೆ ಹೋಗಬೇಡಿ. ಕಾಫಿ ಕಾಂಡದ ಸುತ್ತ ಒಂದೂವರೆ ಅಡಿ ಕತ್ತಿಗೆ ಬಿಡಿ. ನೈಲಾನ್ ದಾರ ಮೆತ್ತಗೆ ಅಂತ ಬುಡಕ್ಕೆ ಒತ್ತಿ ಹೊಡೆಯುತ್ತಾರೆ. ಅದು ಕಾಂಡ ಕತ್ತರಿಸುವುದಿಲ್ಲ ನಿಜ, ಸಿಪ್ಪೆಯನ್ನು ಸುಲಿಯುತ್ತದೆ. ಎಳೆ ಗಿಡದ ಸುತ್ತ ಸಿಪ್ಪೆ ಉಂಗುರದ ಹಾಗೆ ಹೋದರೆ ಗಿಡ ನಿಧಾನವಾಗಿ ಒಣಗುತ್ತದೆ. ಆಗ ಯಾರಿಗೂ ಮಿಷನ್ ನೆನಪಾಗುವುದಿಲ್ಲ, ಕಾಂಡ ಕೊರಕ ಅಂತಾರೆ.

ಮೆಣಸಿನ ಬಳ್ಳಿ ಇನ್ನೂ ಸೂಕ್ಷ್ಮ. ಸಿಲ್ವರ್ ಓಕಿಗೆ ಹಬ್ಬಿಸಿದ ಬಳ್ಳಿಯ ಬುಡ ಕಾಡಿನೊಳಗೆ ಮುಚ್ಚಿಹೋಗಿರುತ್ತದೆ. ಒಂದು ಬೀಸಿಗೆ ಇಪ್ಪತ್ತು ಅಡಿ ಬಳ್ಳಿ ಹೋಗುತ್ತದೆ. ಪೂರ್ತಿ ತುಂಡಾಗದೆ ಗಾಯ ಮಾತ್ರ ಆದರೂ ತೇವದ ಕಾಲದಲ್ಲಿ ಅಲ್ಲಿಂದ ಸೊರಗು ರೋಗ ನುಗ್ಗಲು ದಾರಿ ಆಗುತ್ತದೆ. ಹಾಗಾಗಿ ಮೊದಲು ಇಬ್ಬರು ಕತ್ತಿ ಹಿಡಿದು ಪ್ರತಿ ಬಳ್ಳಿ ಮರದ ಸುತ್ತ ಎರಡಡಿ ಬಿಡಿಸಿಕೊಂಡು ಹೋಗಬೇಕು. ಅವರು ಆ ಬ್ಲಾಕ್ ಮುಗಿಸಿ ಹೊರಗೆ ಬಂದ ಮೇಲೆ ಮಿಷನ್ ಇಳಿಯಬೇಕು. 'ಕೆಲಸ ಎರಡಾಯ್ತಲ್ಲ' ಅನ್ನುತ್ತೀರಿ, ಗೊತ್ತು. ಒಂದು ಬಳ್ಳಿ ಮತ್ತೆ ಮರ ಹತ್ತಲು ಎಷ್ಟು ವರ್ಷ ಬೇಕು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಡೆಮೊದಲ್ಲಿ ನೀವೇ ಮಾಡಿ ನೋಡಬೇಕಾದ ಲೆಕ್ಕ

ಡೀಲರ್ ಹೇಳುವ ಮೈಲೇಜ್ ನಂಬಬೇಡಿ. ನಾನೂ ಡೀಲರೇ, ಆದರೂ ಹೇಳುತ್ತೇನೆ. ಶನಿವಾರ ಅರ್ಧ ಲೀಟರ್ ಅಳೆದು ಖಾಲಿ ಟ್ಯಾಂಕಿಗೆ ಹಾಕಿಕೊಡುತ್ತೇವೆ. ನಿಮ್ಮ ಕೆಲಸದವರು ಅವರ ವೇಗದಲ್ಲೇ ಹೊಡೆಯಲಿ. ಮಿಷನ್ ನಿಲ್ಲುವವರೆಗೆ ಎಷ್ಟು ಕಾಫಿ ಗಿಡ ದಾಟಿದರು ಎಣಿಸಿ, ಎಷ್ಟು ನಿಮಿಷ ಆಯಿತು ನೋಡಿಕೊಳ್ಳಿ.

10 ಅಡಿಗೆ 10 ಅಡಿ ನೆಟ್ಟ ರೋಬಸ್ಟಾದಲ್ಲಿ ಒಂದು ಗಿಡಕ್ಕೆ 100 ಚದರ ಅಡಿ, ಎಕರೆಗೆ ಸುಮಾರು 435 ಗಿಡ. ಅರ್ಧ ಲೀಟರಿಗೆ 40 ಗಿಡ ಮುಗಿಯಿತು ಅನ್ನೋಣ. 435ನ್ನು 40ರಿಂದ ಭಾಗಿಸಿದರೆ ಹತ್ತಿರ ಹತ್ತಿರ 11. ಅಂದರೆ ಹನ್ನೊಂದು ಅರ್ಧ ಲೀಟರ್, ಎಕರೆಗೆ ಐದೂವರೆ ಲೀಟರ್. ಆ 40 ಗಿಡಕ್ಕೆ 35 ನಿಮಿಷ ಹಿಡಿದಿದ್ದರೆ ಎಕರೆಗೆ ಆರೂವರೆ ಗಂಟೆ ಮಿಷನ್ ಓಡುವ ಹೊತ್ತು. ನಡುವೆ ಪೆಟ್ರೋಲ್ ತುಂಬುವುದು, ವಿಶ್ರಾಂತಿ ಸೇರಿದರೆ ಒಂದು ದಿನಕ್ಕೆ ಒಂದು ಎಕರೆ ಮುಟ್ಟುವುದು ಕಷ್ಟ. ಮೂರು ಎಕರೆ ಇರುವವರಿಗೆ ಹದಿನಾರೂವರೆ ಲೀಟರ್ ಪೆಟ್ರೋಲ್, 50:1ರಲ್ಲಿ 330 ಮಿಲಿ ಆಯಿಲ್, ನಾಲ್ಕು ದಿನ. ಈ 40, 35 ಎರಡೂ ಉದಾಹರಣೆ ಮಾತ್ರ. ಕಾಡು ಎದೆಯೆತ್ತರ ಇದ್ದರೆ ಅರ್ಧಕ್ಕೆ ಇಳಿಯಬಹುದು. ನಿಮ್ಮ ಕೈಯಲ್ಲಿ ಬಂದ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಆ ಲೆಕ್ಕ ನೋಡಿ ಈ ಸಲ ಕೂಲಿಗೇ ಕೊಡುವುದು ಮೇಲು ಅನ್ನಿಸಿದರೂ ನಮಗೆ ಬೇಜಾರಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಸಿಗುತ್ತದೆ. ಒಂದು ಟ್ಯಾಂಕ್ ಮುಗಿಯಲು ಮುಕ್ಕಾಲು ಗಂಟೆ ಆಸುಪಾಸು ಹಿಡಿಯುತ್ತದೆ. ಟ್ಯಾಂಕ್ ಖಾಲಿ ಆದರೆ ಆಳು ಬದಲಿ. ಇಬ್ಬರು ಹೀಗೆ ಮಾಡಿಕೊಂಡರೆ ಕೈ ಜುಮ್ಮೆನ್ನುವುದು ಕಡಿಮೆ ಆಗುತ್ತದೆ. ಸಂಜೆ ಬೆರಳು ಬಿಳಿಚಿಕೊಂಡರೆ, ಲೋಟ ಹಿಡಿದಾಗ ಸ್ಪರ್ಶ ಗೊತ್ತಾಗದಿದ್ದರೆ ಅದು ಸುಮ್ನೆ ಸುಸ್ತಲ್ಲ, ಕಂಪನದ ಪರಿಣಾಮ. ಅವರಿಗೆ ಮಾರನೇ ದಿನ ಮಿಷನ್ ಕೊಡಬೇಡಿ.

ಪೆಟ್ರೋಲ್ ತುಂಬುವಾಗ ಎಂಜಿನ್ ಆಫ್ ಮಾಡಿ, ಐದು ಹತ್ತು ನಿಮಿಷ ಆರಲು ಬಿಡಿ. ಬೀಡಿ ಸೇದುವವರು ಆಚೆ ಹೋಗಲಿ. ತುಂಬಿದ ಜಾಗದಿಂದ ಹತ್ತು ಅಡಿ ಆಚೆಗೆ ಒಯ್ದು ಸ್ಟಾರ್ಟ್ ಮಾಡಿ. ಆ ಬಿಡುವಿನಲ್ಲೇ ಬ್ಲೇಡ್, ನಟ್ ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ. ಸಂಜೆ ಏರ್ ಫಿಲ್ಟರ್ ತೆಗೆದು ತೊಳೆದು ಒಣಗಿಸಿ. ಗೇರ್ ಬಾಕ್ಸಿನ ಗ್ರೀಸ್ 25 ಗಂಟೆಗೊಮ್ಮೆ ನೋಡಿದರೆ ಸಾಕು.

ಬರುವಾಗ

ಗಮ್‌ಬೂಟ್ ಹಾಕಿಕೊಂಡು ಬನ್ನಿ, ಜಿಗಣೆ ಇನ್ನೂ ಇದೆ. ಕನ್ನಡಕ, ಜಾಲರಿ, ಮಫ್ ನಾವು ಕೊಡುತ್ತೇವೆ. ನಿಮ್ಮ ಹಳೇ ಮಿಷನ್ ತಂದರೆ ಐಡಲ್, ಫಿಲ್ಟರ್, ಬ್ಲೇಡ್ ಅಲ್ಲೇ ನೋಡಿಕೊಡುತ್ತೇವೆ. ಯಾವ ಕಂಪನಿಯದ್ದಾದರೂ ಪರವಾಗಿಲ್ಲ. ಹಿಂದಿಯಲ್ಲಿ ಹೇಳಿಕೊಡಲು ನಮ್ಮ ಮೆಕ್ಯಾನಿಕ್ ಇರುತ್ತಾರೆ. ಚಿಕ್ಕ ಮಕ್ಕಳನ್ನು ಕರೆತರಬೇಡಿ.

ಸಬ್ಸಿಡಿ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ ನಂಬರ್ ಜೊತೆಗಿರಲಿ. ಜಮ್ಮಾ ಆಸ್ತಿಯವರ ಪಹಣಿಯಲ್ಲಿ ಕುಟುಂಬದವರ ಹೆಸರು ಒಟ್ಟಿಗೆ ಇರುತ್ತದೆ ಅಲ್ವಾ, ಅಂಥವರು ಏನೇನು ದಾಖಲೆ ಬೇಕು ಅಂತ ಮಿಷನ್ ಆರಿಸುವ ಮೊದಲೇ ವಿಚಾರಿಸಿಕೊಳ್ಳಿ. ಬಿಲ್ ಆದ ಮೇಲೆ ಓಡಾಡಿ ಪ್ರಯೋಜನ ಇಲ್ಲ.

ಶನಿವಾರ ಮಳೆ ಬಂದರೆ ತೋಟಕ್ಕೆ ಇಳಿಯುವುದಿಲ್ಲ. ಪಕ್ಕದ ಕಾಫಿ ಕಣದ ಶೆಡ್ಡಿನಲ್ಲಿ ಪೆಟ್ರೋಲ್ ಕಲಸುವುದು, ಬೆಲ್ಟ್ ಹೊಂದಿಸುವುದು, ಬ್ಲೇಡ್ ಬದಲಿಸುವುದು ಇಷ್ಟನ್ನೇ ಮಾಡಿ, ಅರ್ಧ ಲೀಟರಿನ ಲೆಕ್ಕವನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಳ್ಳುತ್ತೇವೆ.